195 ಜನರಿದ್ದಾಗ ಸಾಯುವ ಆ್ಯಪ್, 210 ಇದ್ದರೆ ಬೆಳೆಯುವುದು ಹೇಗೆ?

ಪ್ರಶ್ನೆ: ನಾವು ಮೂರು ಜನ ಸೇರಿ ಒಂದು ಮೆಸೇಜಿಂಗ್ ಆ್ಯಪ್ ಮಾಡಿದ್ದೇವೆ. ಬಳಸಿದವರೆಲ್ಲ ಚೆನ್ನಾಗಿದೆ ಅಂತಾರೆ, ಆದ್ರೆ ಎರಡು ವಾರದಲ್ಲಿ ಬಿಟ್ಟು ಹೋಗ್ತಾರೆ. "ಜನ ಸೇರಿದಷ್ಟೂ ಬೆಲೆ ಏರುತ್ತೆ, ನಿಮಗಿನ್ನೂ ಟಿಪ್ಪಿಂಗ್ ಪಾಯಿಂಟ್ ಬಂದಿಲ್ಲ" ಅಂತ ಕೇಳಿ ಕೇಳಿ ಸಾಕಾಗಿದೆ. ಜನ ಜಾಸ್ತಿ ಆದ್ರೆ ಬೆಲೆ ಯಾಕೆ ಏರಬೇಕು? ಆ ಪಾಯಿಂಟ್ ಎಷ್ಟು ಜನಕ್ಕೆ ಬರುತ್ತೆ ಅಂತ ಲೆಕ್ಕ ಹಾಕೋಕೆ ಆಗುತ್ತಾ?

ಉತ್ತರ: ಟಿಪ್ಪಿಂಗ್ ಪಾಯಿಂಟ್ ಅಂದರೆ ಒಂದು ಗಡಿ: ಅದಕ್ಕಿಂತ ಕಡಿಮೆ ಜನ ಇದ್ದರೆ ಆ್ಯಪ್ ಕುಗ್ಗುತ್ತದೆ, ಹೆಚ್ಚು ಜನ ಇದ್ದರೆ ತಾನಾಗಿಯೇ ಬೆಳೆಯುತ್ತದೆ. ಅದನ್ನು ಲೆಕ್ಕ ಹಾಕಬಹುದು. ಎಲ್ಲ ಆ್ಯಪ್‌ಗೂ ಹೊಂದುವ ಒಂದೇ ಸಂಖ್ಯೆ ಮಾತ್ರ ಸಿಗುವುದಿಲ್ಲ. ಅದು ನಿಮ್ಮ ಬಳಕೆದಾರರಿಗೆ ಆಗುವ ಖರ್ಚಿನ ಮೇಲೆ ನಿಂತಿದೆ, ಅವರಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ ಎಂಬುದರ ಮೇಲೂ ನಿಂತಿದೆ. ಒಂದು ಸಣ್ಣ ಮಾದರಿ ಇಟ್ಟುಕೊಂಡು ನೋಡೋಣ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಒಟ್ಟು 1000 ಜನ ಇದ್ದಾರೆ ಅಂದುಕೊಳ್ಳಿ. ಎಲ್ಲರಿಗೂ ಆಸಕ್ತಿ ಒಂದೇ ಸಮ ಇರುವುದಿಲ್ಲ, ಅಲ್ವಾ? ಅತಿ ಹೆಚ್ಚು ಆಸಕ್ತಿ ಇರುವವರಿಗೆ 100%, ಏನೇನೂ ಇಲ್ಲದವರಿಗೆ 0%. ಉಳಿದವರು ಇವೆರಡರ ನಡುವೆ ಸಮವಾಗಿ ಹರಡಿದ್ದಾರೆ. ಅಂದರೆ 64%ಗಿಂತ ಜಾಸ್ತಿ ಆಸಕ್ತಿ ಇರುವವರು 360 ಜನ, 20%ಗಿಂತ ಜಾಸ್ತಿ ಇರುವವರು 800 ಜನ, ಹೀಗೆ.

ಈಗ ಒಬ್ಬ ವ್ಯಕ್ತಿಗೆ ಆ್ಯಪ್‌ನಿಂದ ಸಿಗುವ ಲಾಭ ಎಷ್ಟು? ಮೆಸೇಜಿಂಗ್ ಆ್ಯಪ್‌ನಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಅದು ಶೂನ್ಯ, ಬಣ್ಣ, ಬಟನ್ನು ಎಷ್ಟೇ ಚೆನ್ನಾಗಿರಲಿ. ಒಳಗೆ ಬಂದವರು ಹೆಚ್ಚಿದಷ್ಟೂ ನಮಗೆ ಬೇಕಾದವರು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಲಾಭವನ್ನು ಹೀಗೆ ಬರೆಯೋಣ: ಅವರ ಆಸಕ್ತಿ ಗುಣಿಸು ಈಗ ಬಳಸುತ್ತಿರುವವರ ಪಾಲು. ಪೂರ್ತಿ ಆಸಕ್ತಿ ಇರುವವರಿಗೆ, ಎಲ್ಲರೂ ಒಳಗಿದ್ದಾಗ, 100 ಅಂಕದ ಲಾಭ. ಅದೇ ವ್ಯಕ್ತಿಗೆ ಕಾಲು ಭಾಗ ಜನ ಮಾತ್ರ ಇದ್ದರೆ 25 ಅಂಕ. ಅರ್ಧ ಆಸಕ್ತಿ ಇರುವವರಿಗೆ ಆಗ ಹನ್ನೆರಡೂವರೆ.

ಇನ್ನೊಂದು ಕಡೆ ಖರ್ಚು ಇದೆ. ಖರ್ಚು ಅಂದರೆ ಹಣ ಮಾತ್ರ ಅಂದುಕೊಳ್ಳಬೇಡಿ. ಆ್ಯಪ್ ಇಳಿಸಿಕೊಳ್ಳಬೇಕು, ಹೊಸದಾಗಿ ಕಲಿಯಬೇಕು, ಇನ್ನೊಂದು ಕಡೆ ದಿನಾ ಇಣುಕಿ ನೋಡಬೇಕು. ಉಚಿತ ಆ್ಯಪ್‌ಗೂ ಈ ಖರ್ಚು ಇದ್ದೇ ಇರುತ್ತದೆ. ಅದನ್ನು 16 ಅಂಕ ಎಂದು ಇಡೋಣ, ಎಲ್ಲರಿಗೂ ಒಂದೇ. ಲಾಭ 16 ದಾಟಿದರೆ ಜನ ಬಳಸುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಮಾದರಿ ಇಷ್ಟೇ.

ಇದನ್ನು ಓಡಿಸಿ ನೋಡೋಣ. ಏನೋ ಪ್ರಚಾರ ಮಾಡಿ ನೀವು 250 ಜನರನ್ನು ಒಳಗೆ ತಂದಿರಿ. ಪಾಲು 25%. ಈಗ ಯಾರಿಗೆ ಇದು ಲಾಭ? ಆಸಕ್ತಿ ಗುಣಿಸು 25 ಅಂದಾಗ 16 ಬರಬೇಕು, ಅಂದರೆ ಆಸಕ್ತಿ 64% ಇರಬೇಕು. ಅಷ್ಟು ಆಸಕ್ತಿ ಇರುವವರು 360 ಜನ. ಹಾಗಾಗಿ ಮುಂದಿನ ಸುತ್ತಿಗೆ 360 ಜನ ಆಗುತ್ತಾರೆ. ಪಾಲು 36% ಆಗಿದ್ದರಿಂದ ಈಗ 44% ಆಸಕ್ತಿ ಇದ್ದವರಿಗೂ ಇದು ಸಾಕು, 556 ಜನ ಬರುತ್ತಾರೆ. ಆಮೇಲೆ 712, 775, 794, ಹೀಗೆ ಹೋಗಿ 800ರ ಹತ್ತಿರ ನಿಲ್ಲುತ್ತದೆ. ಉಳಿದ 200 ಜನರಿಗೆ ಆಸಕ್ತಿ ತೀರಾ ಕಡಿಮೆ, ಅವರು ಬರುವುದಿಲ್ಲ.

ಇಲ್ಲಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. 250ರಿಂದ 800ರವರೆಗೆ ಆ್ಯಪ್‌ನ ಒಂದು ಸಾಲು ಕೋಡ್ ಕೂಡ ಬದಲಾಗಿಲ್ಲ. ಬದಲಾದದ್ದು ಒಳಗಿರುವವರ ಲೆಕ್ಕ ಮಾತ್ರ. ಪ್ರತಿ ಹೊಸಬರೂ ಬಳಸುವವರಷ್ಟೇ ಅಲ್ಲ, ಬೇರೆಯವರಿಗೆ ಆ ಆ್ಯಪ್‌ನಲ್ಲಿ ಸಿಗುವ ಸರಕಿನ ಒಂದು ಭಾಗವೂ ಆಗಿರುತ್ತಾರೆ.

ಈ ಮಾತಿನ ತೂಕ ಎಷ್ಟು ಅಂತ ಇದೇ ಮಾದರಿಯಲ್ಲಿ ಅಳೆಯಬಹುದು. ಹೆಚ್ಚು ಆಸಕ್ತಿ ಇರುವ 250 ಜನ ಒಳಗಿದ್ದಾರೆ ಅಂದುಕೊಳ್ಳಿ. ಅವರ ಸರಾಸರಿ ಆಸಕ್ತಿ 87.5%. ಇನ್ನೊಬ್ಬರು ಸೇರಿದರೆ ಪಾಲು ಸಾವಿರದಲ್ಲಿ ಒಂದರಷ್ಟು ಏರುತ್ತದೆ, ಹಾಗಾಗಿ ಪೂರ್ತಿ ಆಸಕ್ತಿ ಇರುವವರಿಗೆ 0.1 ಅಂಕ ಲಾಭ. 250 ಜನರದ್ದೂ ಕೂಡಿಸಿದರೆ ಸುಮಾರು 22 ಅಂಕ. ಸೇರಿದವರ ಖರ್ಚು 16. ಅಂದರೆ ಸ್ವತಃ ಒಂದಿಷ್ಟೂ ಆಸಕ್ತಿ ಇಲ್ಲದ ವ್ಯಕ್ತಿಯನ್ನು, ಅವರ ಖರ್ಚು ಪೂರ್ತಿ ಕೊಟ್ಟು ಕರೆತಂದರೂ, ಉಳಿದವರಿಗೆ ಆಗುವ ಲಾಭ ಅದಕ್ಕಿಂತ ಜಾಸ್ತಿ. ಒಂದೇ ಷರತ್ತು, ಅವರು ಮೆಸೇಜ್‌ಗೆ ಉತ್ತರ ಕೊಡಬೇಕು. ಆದರೆ ಸೇರುವಾಗ ಯಾರೂ ಈ 22 ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತಮ್ಮ ಲಾಭ ತಾವು ನೋಡಿಕೊಳ್ಳುತ್ತಾರೆ. "ಗೆಳೆಯರನ್ನು ಕರೆತಂದರೆ ಬಹುಮಾನ" ಅಂತ ಕಂಪನಿಗಳು ಹಣ ಸುರಿಯುವುದು ಈ ಕಂದಕ ಮುಚ್ಚಲಿಕ್ಕೆ.

ಬಳಕೆದಾರರು ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟು ಅಂತ ಒಂದು ಮಾತು ಓಡಾಡುತ್ತದೆ. ಮೆಟ್‌ಕಾಫ್ ನಿಯಮ ಅಂತಾರೆ ಅದಕ್ಕೆ. ಜೋಡಿಗಳನ್ನು ಎಣಿಸಿದರೆ ಅದು ಹೆಚ್ಚುಕಡಿಮೆ ಸರಿ: 10 ಜನರಲ್ಲಿ 45 ಜೋಡಿ, 20 ಜನರಲ್ಲಿ 190. ಆದರೆ ಎಲ್ಲ ಜೋಡಿಗೂ ಒಂದೇ ಬೆಲೆ ಇರುವುದಿಲ್ಲ. ನಮ್ಮ ಮಾದರಿಯಲ್ಲೇ 250ರಿಂದ 500ಕ್ಕೆ ಹೋದರೆ ಒಟ್ಟು ಲಾಭ ಏರುವುದು ಸುಮಾರು 3.4 ಪಟ್ಟು, ಏಕೆಂದರೆ ತಡವಾಗಿ ಬರುವವರಿಗೆ ಆಸಕ್ತಿ ಕಡಿಮೆ. ಹೂಡಿಕೆದಾರರ ಮುಂದೆ ಈ ನಿಯಮ ಹಿಡಿದು ಕೂರಬೇಡಿ ಅನ್ನುವುದು ನನ್ನ ಸಲಹೆ.

ಈಗ ಟಿಪ್ಪಿಂಗ್‌ಗೆ ಬರೋಣ. ಮೊದಲು 250 ಜನರಿಂದ ಶುರು ಮಾಡಿದ್ದೆವು. 195ರಿಂದ ಶುರು ಮಾಡಿದರೆ? ಪಾಲು 19.5%. 16 ಅಂಕ ಮುಟ್ಟಲು 82% ಆಸಕ್ತಿ ಬೇಕು. ಅಂಥವರು ಇರುವುದು ಸುಮಾರು 180 ಜನ. ಅಂದರೆ ಬಂದವರಲ್ಲೇ ಕೆಲವರು ಬಿಟ್ಟುಹೋದರು. ಪಾಲು ಇಳಿದದ್ದರಿಂದ ಇನ್ನೂ ಕೆಲವರಿಗೆ ಇದು ಬೇಡವಾಯಿತು. ಮುಂದಿನ ಸುತ್ತಿಗೆ ಸುಮಾರು 109 ಜನ. ಅದರ ಮುಂದೆ ಸೊನ್ನೆ. ಪೂರ್ತಿ ಆಸಕ್ತಿ ಇರುವವರಿಗೂ 11 ಅಂಕ ದಾಟದ ಲಾಭ, 16 ಅಂಕದ ಖರ್ಚು, ಯಾರು ಉಳಿಯುತ್ತಾರೆ?

ಅದೇ 210ರಿಂದ ಶುರು ಮಾಡಿ ನೋಡಿ. 238, 328, 512, 688, 767, 791, ಮತ್ತೆ 800ರ ಹತ್ತಿರ. ಶುರುವಿನಲ್ಲಿ ಇದ್ದ ವ್ಯತ್ಯಾಸ ಬರೀ 15 ಜನ. ಕೊನೆಯ ವ್ಯತ್ಯಾಸ 800.

ಸರಿಯಾಗಿ 200ರಲ್ಲಿ ನಿಂತರೆ ಏನೂ ಆಗುವುದಿಲ್ಲ, 200 ಅಲ್ಲೇ ಉಳಿಯುತ್ತದೆ. ಆದರೆ ಹತ್ತು ಜನ ಆಚೀಚೆ ಆದರೂ ಆ ಸಮತೋಲನ ಮುರಿಯುತ್ತದೆ. ನೀವು ಕೇಳಿದ ಟಿಪ್ಪಿಂಗ್ ಪಾಯಿಂಟ್ ಈ ಮಾದರಿಯಲ್ಲಿ ಇದೇ 200. ಸೊನ್ನೆ ಮತ್ತು 800 ಮಾತ್ರ ಗಟ್ಟಿಯಾದ ನಿಲುಗಡೆಗಳು.

ನೀವೇ ಓಡಿಸಿ ನೋಡಲಿಕ್ಕೆ ಇಷ್ಟು ಕೋಡ್ ಸಾಕು. `z` ಅಂದರೆ ಪಾಲು, `p` ಅಂದರೆ ಖರ್ಚು, ಎರಡನ್ನೂ 100ರ ಬದಲು 1ರ ಅಳತೆಯಲ್ಲಿ ಬರೆದಿದ್ದೇನೆ.

```
z = 0.21
p = 0.16
for i in range(8):
    z = max(0, 1 - p/z) if z > 0 else 0
    print(round(z * 1000))
```

ನಿಲ್ಲುವ ಜಾಗಗಳನ್ನು ಕಂಡುಹಿಡಿಯಲು ಕೋಡ್ ಕೂಡ ಬೇಡ. ಸೊನ್ನೆ ಬಿಟ್ಟರೆ, ಈ ಸುತ್ತಿನ ಪಾಲು ಮತ್ತು ಮುಂದಿನ ಸುತ್ತಿನ ಪಾಲು ಒಂದೇ ಆಗುವುದು `z(1 - z) = p` ಆದಾಗ. 0.2 × 0.8 = 0.16, ಹಾಗಾಗಿ 200 ಮತ್ತು 800. ಈ ಒಂದು ಸಾಲಿನಲ್ಲಿ ನಿಮಗೆ ಬೇಕಾದ ಬಹಳಷ್ಟು ವಿಷಯ ಅಡಗಿದೆ.

ಖರ್ಚನ್ನು 16ರಿಂದ 9ಕ್ಕೆ ಇಳಿಸಿದಿರಿ ಅಂದುಕೊಳ್ಳಿ. 0.1 × 0.9 = 0.09. ಟಿಪ್ಪಿಂಗ್ ಪಾಯಿಂಟ್ 200ರಿಂದ 100ಕ್ಕೆ ಬಂತು, ಅರ್ಧಕ್ಕರ್ಧ ಇಳಿಯಿತು. ಕೊನೆಗೆ ಸಿಗುವ ಜನ ಮಾತ್ರ 800ರಿಂದ 900, ಅಷ್ಟೇನೂ ದೊಡ್ಡ ಏರಿಕೆಯಲ್ಲ. ಹಾಗಾಗಿ ಸೇರುವುದನ್ನು ಸುಲಭ ಮಾಡಲು ನೀವು ಪಡುವ ಶ್ರಮಕ್ಕೆ ನಿಜವಾದ ಫಲ ಸಿಗುವುದು ಶುರುವಿನಲ್ಲೇ. ನಿಮ್ಮ ಬಳಿ 150 ಜನ ಇದ್ದಾರೆ, ಖರ್ಚು 16 ಅಂದರೆ ಕಥೆ ಮುಗಿದಂತೆ. ಅದೇ 150 ಜನರಿಗೆ ಕೆಲವು ದಿನ ಖರ್ಚನ್ನು 9ಕ್ಕೆ ಇಳಿಸಿದರೆ ಒಂದೇ ಸುತ್ತಿನಲ್ಲಿ 400 ಆಗುತ್ತಾರೆ. ಆಮೇಲೆ ಖರ್ಚು ಮತ್ತೆ 16ಕ್ಕೆ ಏರಿದರೂ ತೊಂದರೆ ಇಲ್ಲ, 200 ದಾಟಿ ಆಯಿತಲ್ಲ.

ಇದೇ ಸಾಲಿನಲ್ಲಿ ಇನ್ನೊಂದು ಎಚ್ಚರಿಕೆ ಇದೆ. `z(1 - z)` ಎಂದೂ 0.25 ದಾಟುವುದಿಲ್ಲ. ಖರ್ಚು 25 ಅಂಕಕ್ಕಿಂತ ಹೆಚ್ಚಾದರೆ ಟಿಪ್ಪಿಂಗ್ ಪಾಯಿಂಟ್ ಅನ್ನುವುದೇ ಇರುವುದಿಲ್ಲ. ಸಾವಿರಕ್ಕೆ ಸಾವಿರ ಜನರನ್ನು ತಂದು ಕೂರಿಸಿದರೂ ಕೊನೆಗೆ ಸೊನ್ನೆ. ಎಟಿ&ಟಿ ಕಂಪನಿ 1970ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪಿಕ್ಚರ್‌ಫೋನ್ ಎಂಬ ವಿಡಿಯೊ ಫೋನ್ ಸೇವೆ ಶುರು ಮಾಡಿತು. ತಿಂಗಳಿಗೆ 160 ಡಾಲರ್. ಅಷ್ಟು ಕೊಟ್ಟು ತೆಗೆದುಕೊಂಡವರಿಗೆ ಆ ಕಡೆಯಿಂದ ಮುಖ ತೋರಿಸುವವರೇ ಇರಲಿಲ್ಲ. ಜನ ಸೇರಲಿಲ್ಲ, ಸೇವೆ ನಿಂತಿತು. ಅದೇ ಕಂಪನಿಯ ಸಂಶೋಧನಾ ವಿಭಾಗವಾದ ಬೆಲ್ ಲ್ಯಾಬ್ಸ್‌ನ ಅರ್ಥಶಾಸ್ತ್ರಜ್ಞ ಜೆಫ್ರಿ ರೋಲ್ಫ್ಸ್ 1974ರಲ್ಲಿ ಪ್ರಕಟಿಸಿದ ಲೇಖನದಿಂದಲೇ ನಾನು ಮೇಲೆ ಹೇಳಿದ ಬಗೆಯ ಮಾದರಿ ಬೆಳೆದು ಬಂದದ್ದು.

ಬೆಳೆದ ಮೇಲೆ ಬೀಳುವುದೂ ಇದೇ ಲೆಕ್ಕದಲ್ಲೇ. 800 ಜನ ಇರುವ ಆ್ಯಪ್ ಇದೆ ಅನ್ನಿ. ಜಾಹೀರಾತು ತುಂಬಿಸಿ, ಕಿರಿಕಿರಿ ಹೆಚ್ಚಿಸಿ ಖರ್ಚನ್ನು 16ರಿಂದ 24ಕ್ಕೆ ತಂದರು. 600 ಜನ ಉಳಿಯುತ್ತಾರೆ, ಮಾಲೀಕರಿಗೆ ಅದು ಸಾಕು ಅನ್ನಿಸುತ್ತದೆ. ಇನ್ನು ಎರಡೇ ಅಂಕ, 26 ಮಾಡೋಣ ಅನ್ನಿಸಬಹುದು. 800ರಿಂದ ನೇರವಾಗಿ 26ಕ್ಕೆ ಹೋದರೆ ಬರುವ ಸಂಖ್ಯೆಗಳನ್ನು ನೋಡಿ: 675, 615, 577, 549, 527, 506, 487, 466, 442, 411, 368, 294, 114, 0.

ಈ ಸಾಲನ್ನು ನಿಧಾನವಾಗಿ ಓದಿ. ಮೊದಲೆರಡು ಸುತ್ತು ಜೋರು ಇಳಿತ, ಆಮೇಲೆ ಸುತ್ತಿಗೆ ಇಪ್ಪತ್ತು ಮೂವತ್ತು ಜನ ಅಷ್ಟೇ. 500ರ ಆಸುಪಾಸಿನಲ್ಲಿ ನೋಡುವವರಿಗೆ "ಇಳಿತ ನಿಲ್ಲುತ್ತಾ ಬಂತು" ಅನ್ನಿಸುತ್ತದೆ. ನಿಜದಲ್ಲಿ ಅದು ಅತ್ಯಂತ ಅಪಾಯದ ಜಾಗ. ಕೊನೆಯ ಮೂರು ಸುತ್ತಿನಲ್ಲಿ 368 ಜನ ಮಾಯ. 466 ಜನ ಇದ್ದಾಗ ಎಚ್ಚೆತ್ತು ಖರ್ಚನ್ನು 24ಕ್ಕೆ ಇಳಿಸಿದರೆ ಆ್ಯಪ್ ಚೇತರಿಸಿಕೊಂಡು 600ಕ್ಕೆ ಹೋಗುತ್ತದೆ, ಏಕೆಂದರೆ 24ಕ್ಕೆ ಟಿಪ್ಪಿಂಗ್ ಪಾಯಿಂಟ್ 400. ಅದೇ 294ಕ್ಕೆ ಇಳಿದ ಮೇಲೆ 24 ಸಾಲದು, 20ಕ್ಕಾದರೂ ಇಳಿಸಬೇಕು. 114ರಲ್ಲಿ ಹಳೆಯ 16 ಅಂಕಕ್ಕೆ ಮರಳಿದರೂ ಉಪಯೋಗವಿಲ್ಲ. ಹಾಳು ಮಾಡಿದ್ದನ್ನು ಅದೇ ಅಳತೆಯಲ್ಲಿ ಸರಿಪಡಿಸಿದರೆ ಜನ ವಾಪಸ್ ಬರುತ್ತಾರೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿಯವರೆಗೆ ಒಂದು ವಿಷಯವನ್ನು ಬೇಕೆಂದೇ ಬದಿಗಿಟ್ಟಿದ್ದೆ. ಸಾವಿರ ಜನರಲ್ಲಿ ಯಾರು ಬಂದರೂ ಒಂದೇ ಅಂತ ಮಾದರಿ ಹೇಳುತ್ತದೆ. ಮೆಸೇಜಿಂಗ್‌ನಲ್ಲಿ ಅದು ಸುಳ್ಳು. ನಿಮಗೆ ಗೊತ್ತಿಲ್ಲದ ಹತ್ತು ಸಾವಿರ ಜನ ಒಳಗಿದ್ದರೆ ನಿಮಗೇನು ಬಂತು? ನೀವು ದಿನಾ ಮಾತಾಡುವ ಆರು ಜನರಲ್ಲಿ ನಾಲ್ಕು ಜನ ಇದ್ದರೆ ಸಾಕು. ನಿಮ್ಮ ಸಮಸ್ಯೆಯ ಬೇರು ಇಲ್ಲೇ ಇದೆ ಅಂತ ನನ್ನ ಅಂದಾಜು.

ಹಾಗಾಗಿ ಮಾದರಿಯನ್ನು ಸ್ವಲ್ಪ ತಿದ್ದೋಣ. ಅದೇ 1000 ಜನ, ಆದರೆ 100 ಜನರ ಹತ್ತು ಗುಂಪು. ಜನ ತಮ್ಮ ಗುಂಪಿನೊಳಗೆ ಮಾತ್ರ ಮಾತಾಡುತ್ತಾರೆ. ಖರ್ಚು ಮತ್ತೆ 16. ನಿಮ್ಮ ಕೈಯಲ್ಲಿ 150 ಜನರನ್ನು ತರುವಷ್ಟು ಶಕ್ತಿ ಇದೆ. ಅವರನ್ನು ಎಲ್ಲ ಗುಂಪಿಗೂ ಹಂಚಿದರೆ ಗುಂಪಿಗೆ 15 ಜನ, ಪಾಲು 15%. 20% ಮುಟ್ಟಲಿಲ್ಲ, ಹತ್ತೂ ಗುಂಪಿನಲ್ಲಿ ಆ್ಯಪ್ ಸಾಯುತ್ತದೆ. ಅದೇ 150 ಜನರನ್ನು ಐದು ಗುಂಪಿನಲ್ಲಿ ಮೂವತ್ತು ಮೂವತ್ತು ಸೇರಿಸಿದರೆ ಪಾಲು 30%. ಅಲ್ಲಿಂದ 47, 66, 76, ಹೀಗೆ ಏರಿ ಪ್ರತಿ ಗುಂಪಿನಲ್ಲೂ 80 ಜನ ನಿಲ್ಲುತ್ತಾರೆ. ಒಟ್ಟು 400. ಶ್ರಮ ಒಂದೇ, ಜಾಗ ಬೇರೆ.

ಫೇಸ್‌ಬುಕ್ ಶುರುವಾದದ್ದು ಹೀಗೆಯೇ. 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರಿಗೆ ಮಾತ್ರ ತೆರೆಯಿತು. ಆಮೇಲೆ ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಯೇಲ್, ಹೀಗೆ ಒಂದೊಂದೇ ಕ್ಯಾಂಪಸ್. ಎಲ್ಲರಿಗೂ ಬಾಗಿಲು ತೆರೆದದ್ದು 2006ರ ಸೆಪ್ಟೆಂಬರ್‌ನಲ್ಲಿ. ದೇಶದ ಲೆಕ್ಕದಲ್ಲಿ ನೋಡಿದರೆ ಶುರುವಿನ ಬಳಕೆದಾರರು ಲೆಕ್ಕಕ್ಕೇ ಇಲ್ಲದಷ್ಟು, ಒಂದು ಕ್ಯಾಂಪಸ್‌ನ ಲೆಕ್ಕದಲ್ಲಿ ದೊಡ್ಡ ಪಾಲು. ಗುಂಪುಗಳ ನಡುವೆ ಪರಿಚಯ ಇದ್ದೇ ಇರುತ್ತದೆ, ಒಂದು ಗುಂಪು ತುಂಬಿದರೆ ಪಕ್ಕದ ಗುಂಪಿಗೆ ಅಲ್ಲಿಂದಲೇ ಮೊದಲ ಕೆಲವರು ಸಿಗುತ್ತಾರೆ. ಗುಂಪುಗಳು ಒಂದಕ್ಕೊಂದು ತಾಗದೇ ಇದ್ದರೆ ಮಾತ್ರ ಪ್ರತಿ ಸಲವೂ ಹೊಸದಾಗಿ ತಳ್ಳಬೇಕಾಗುತ್ತದೆ.

ಇದರ ತಿರುವುಮುರುವು ಗೂಗಲ್ ಪ್ಲಸ್. 2011ರಲ್ಲಿ ಬಂತು. ಗೂಗಲ್ ಖಾತೆ ಇದ್ದವರು ಸುಲಭವಾಗಿ ಅದರೊಳಗೆ ಸೇರುತ್ತಿದ್ದರು, ಹಾಗಾಗಿ ನೋಂದಣಿ ಲೆಕ್ಕ ಬಲು ದೊಡ್ಡದು. ಆದರೆ ಶೇಕಡಾ 90ರಷ್ಟು ಭೇಟಿಗಳು ಐದು ಸೆಕೆಂಡ್‌ಗಿಂತ ಕಡಿಮೆ ಅಂತ 2018ರಲ್ಲಿ ಕಂಪನಿಯೇ ಹೇಳಿತು. 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಅದು ಮುಚ್ಚಿತು. ನಮ್ಮ ಮಾದರಿಯ ಪಾಲು ಅಂದರೆ ಸುಮ್ನೆ ಹೆಸರು ಬರೆಸಿದವರ ಪಾಲಲ್ಲ, ಮಾತಿಗೆ ಸಿಗುವವರ ಪಾಲು.

ಮಾದರಿಗೆ ಸಿಗದ ಇನ್ನೆರಡು ವಿಷಯ. ಒಂದು, ಜನ ಈಗ ಎಷ್ಟು ಮಂದಿ ಇದ್ದಾರೆ ಅಂತ ಮಾತ್ರ ನೋಡುವುದಿಲ್ಲ, ಮುಂದೆ ಎಷ್ಟು ಮಂದಿ ಬರಬಹುದು ಅಂತಲೂ ಊಹಿಸುತ್ತಾರೆ. ಎಲ್ಲರೂ ಬರುತ್ತಾರೆ ಎಂಬ ನಂಬಿಕೆ ಹುಟ್ಟಿದರೆ 200ಕ್ಕಿಂತ ಕೆಳಗಿದ್ದರೂ ಆ್ಯಪ್ ಮೇಲೇಳಬಹುದು. ಇನ್ನೊಂದು, ಜನ ಎರಡು ಮೂರು ಆ್ಯಪ್ ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಇದು ನಿಮಗೆ ಒಳ್ಳೆಯದು. ಹಳೆಯದನ್ನು ಬಿಡದೇ ನಿಮ್ಮದನ್ನು ಸೇರಿಸಿಕೊಳ್ಳಬಹುದಾದರೆ ಖರ್ಚು ಕಡಿಮೆ. ನಿಮ್ಮದು ಗೆದ್ದ ಮೇಲೆ ಇದೇ ಸೌಲಭ್ಯ ನಿಮ್ಮ ಎದುರಾಳಿಗೂ ಸಿಗುತ್ತದೆ.

ಇನ್ನು ನಿಮ್ಮ ಆ್ಯಪ್‌ನ ಸಂಖ್ಯೆಯನ್ನು ಕಂಡುಹಿಡಿಯುವುದು ಹೇಗೆ? ಮೊದಲು ಇಲ್ಲಿ ನೆಟ್‌ವರ್ಕ್ ಎಫೆಕ್ಟ್, ಅಂದರೆ ಜನ ಹೆಚ್ಚಿದಷ್ಟೂ ಬೆಲೆ ಏರುವ ಗುಣ, ಇದೆಯೇ ಅಂತ ನೋಡಿ. ಮೊದಲ ವಾರದಲ್ಲಿ ಎಷ್ಟು ಪರಿಚಿತರು ಒಳಗಿದ್ದರು ಎಂಬುದರ ಪ್ರಕಾರ ಬಳಕೆದಾರರನ್ನು ವಿಂಗಡಿಸಿ. ಪ್ರತಿ ವಿಂಗಡಣೆಯಲ್ಲಿ ನಾಲ್ಕನೇ ವಾರಕ್ಕೆ ಎಷ್ಟು ಜನ ಉಳಿದರು ಅಂತ ಎಣಿಸಿ. ಯಾರೂ ಪರಿಚಿತರಿಲ್ಲದವರೂ ಐದು ಜನ ಇದ್ದವರೂ ಒಂದೇ ವೇಗದಲ್ಲಿ ಬಿಡುತ್ತಿದ್ದರೆ ನಿಮ್ಮ ರೋಗ ಬೇರೆ, ಟಿಪ್ಪಿಂಗ್ ಪಾಯಿಂಟ್‌ಗೆ ಕಾಯುತ್ತಾ ಕೂರಬೇಡಿ. ವ್ಯತ್ಯಾಸ ಕಂಡರೂ ಸ್ವಲ್ಪ ಹುಷಾರು: ಆ್ಯಪ್ ಬಹಳ ಇಷ್ಟಪಟ್ಟವರು ತಾವೇ ಗೆಳೆಯರನ್ನು ಕರೆತಂದಿರಬಹುದು. ಅಂಥವರನ್ನು ಬಿಟ್ಟು, ತಾವು ಸೇರುವ ಮೊದಲೇ ಪರಿಚಿತರು ಒಳಗಿದ್ದವರನ್ನು ಮಾತ್ರ ಎಣಿಸಿದರೆ ಉತ್ತರ ಹೆಚ್ಚು ನಂಬಬಹುದು.

ಆಮೇಲೆ ಗುಂಪುಗಳಿಗೆ ಬನ್ನಿ. ಒಂದೊಂದು ಕಚೇರಿ, ಕಾಲೇಜು, ಸಂಘವನ್ನು ಒಂದೊಂದು ಗುಂಪು ಅಂತ ತೆಗೆದುಕೊಳ್ಳಿ. ಪ್ರತಿ ಗುಂಪಿಗೆ ಎರಡು ಸಂಖ್ಯೆ ಬರೆಯಿರಿ: ತಿಂಗಳ ಶುರುವಿನಲ್ಲಿ ನಿಜವಾಗಿ ಬಳಸುತ್ತಿದ್ದವರ ಪಾಲು, ತಿಂಗಳ ಕೊನೆಯಲ್ಲಿ ಅದೇ ಪಾಲು. ಆ ತಿಂಗಳು ಆ ಗುಂಪುಗಳಲ್ಲಿ ಪ್ರಚಾರ, ಬಹುಮಾನ ಏನೂ ಬೇಡ, ಇಲ್ಲದಿದ್ದರೆ ನೀವು ತಳ್ಳಿದ್ದು ಯಾವುದು, ಅದಾಗಿ ಬೆಳೆದದ್ದು ಯಾವುದು ಅಂತ ತಿಳಿಯುವುದಿಲ್ಲ. ಈಗ ಗುಂಪುಗಳನ್ನು ಶುರುವಿನ ಪಾಲಿನ ಪ್ರಕಾರ ಸಾಲಾಗಿ ಇಡಿ. ಕೆಳಗಿನವು ಇಳಿದಿರುತ್ತವೆ, ಮೇಲಿನವು ಏರಿರುತ್ತವೆ. ಇಳಿತ ಮುಗಿದು ಏರಿಕೆ ಶುರುವಾಗುವ ಪಾಲೇ ನಿಮ್ಮ ಟಿಪ್ಪಿಂಗ್ ಪಾಯಿಂಟ್. ಇಪ್ಪತ್ತು ಮೂವತ್ತು ಗುಂಪು ಇದ್ದರೆ ಒಂದು ಒರಟು ಅಂದಾಜು ಸಿಗುತ್ತದೆ. ಉದಾಹರಣೆಗೆ ಅದು 30% ಅಂತ ಬಂದರೆ, 25% ಇರುವ ಗುಂಪುಗಳಿಗೆ ಮೊದಲು ಕೈಹಾಕಿ, 5% ಇರುವಲ್ಲಿ ಸದ್ಯಕ್ಕೆ ಪ್ರಚಾರ ನಿಲ್ಲಿಸಿ. ಎಲ್ಲ ಗುಂಪುಗಳೂ ಇಳಿದಿದ್ದರೆ, ದೊಡ್ಡ ಪಾಲು ಇದ್ದವು ಕೂಡ, ಆಗ ನೀವು 25 ಅಂಕದ ಗೆರೆಯ ಆಚೆ ಇದ್ದೀರಿ ಅಂತ ಅರ್ಥ. ಮೊದಲು ಬಳಕೆದಾರರ ಖರ್ಚು ಇಳಿಸಿ, ಜನರನ್ನು ಆಮೇಲೆ ಹುಡುಕಿ.